ಮೂಗು ಸೀಟುವಾಗ ಗಾಳಿಗೆ ದಾರಿ ಬಿಡಿ: ಒಂದೊಂದೇ ಹೊಳ್ಳೆ ಯಾಕೆ, ಜೋರು ಯಾಕೆ ಬೇಡ

ದೀಪಾವಳಿ ಮುಗಿದು ಬೆಳಗಿನ ಥಂಡಿ ಶುರುವಾಯಿತು ಅಂದರೆ ಧಾರವಾಡದಿಂದ ಹಾವೇರಿಯವರೆಗೆ ಮನೆಗೊಬ್ಬರಾದರೂ ಮೂಗು ಒರೆಸಿಕೊಳ್ಳುತ್ತಾ ಕೂತಿರುತ್ತಾರೆ. ಹುಬ್ಬಳ್ಳಿ ರಸ್ತೆಗಳ ಧೂಳು, ಗದಗ ಸೀಮೆಯ ಸುಗ್ಗಿಯ ಹೊಟ್ಟು, ಬ್ಯಾಡಗಿ ಕಡೆಯ ಮೆಣಸಿನಕಾಯಿ ಘಾಟು, ಇವೂ ನೆಗಡಿಯ ಜೊತೆ ಸೇರಿಕೊಳ್ಳುತ್ತವೆ. ಸಾಮಾನ್ಯ ನೆಗಡಿ ಒಂದು ವಾರ, ಹತ್ತು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಆದರೆ ಕೆಲವರಿಗೆ ಮೂಗು ಸುಧಾರಿಸುವ ಹೊತ್ತಿಗೆ ಬೇರೆ ಕಿರಿಕಿರಿ ಶುರುವಾಗುತ್ತದೆ. "ಕಿವ್ಯಾಗ ನೀರ್ ಹೊಕ್ಕಂಗ ಆಗೇತ್ರಿ" ಅನ್ನುತ್ತಾರೆ. ಕೆನ್ನೆ ಭಾರ, ಹಣೆ ಭಾರ, ಬಗ್ಗಿದರೆ ಕಣ್ಣಿನ ಹಿಂದೆ ಒತ್ತಿದ ಹಾಗೆ.

ಇದಕ್ಕೆ ನೆಗಡಿಯೊಂದೇ ಸಾಕು, ನಿಜ. ಆದರೆ ಮೂಗು ಸೀಟುವ ರೀತಿಯೂ ಇದನ್ನು ಜಾಸ್ತಿ ಮಾಡಬಲ್ಲದು. ಎರಡೂ ಹೊಳ್ಳೆಗಳನ್ನು ಕರ್ಚೀಫಿನಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು, ಬಾಯಿ ಬಿಗಿದು, ಶಕ್ತಿ ಇದ್ದಷ್ಟೂ ಊದುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿಕೊಂಡೇ ಬಂದಿದ್ದೇವೆ. ಹಾಗೆ ಮಾಡಿದಾಗ ಒಳಗೆ ಏನಾಗುತ್ತದೆ ಅನ್ನುವುದನ್ನು ತಿಳಿದುಕೊಂಡರೆ, ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸೀಟಿ ಅಂತ ಡಾಕ್ಟರು ಯಾಕೆ ಹೇಳುತ್ತಾರೆ ಅನ್ನುವುದೂ ಗೊತ್ತಾಗುತ್ತದೆ.

ಮೂಗಿನ ಹಿಂದಿರುವ ಕೋಣೆಗಳು

ಮೂಗು ಅಂದರೆ ಹೊರಗೆ ಕಾಣುವ ಎರಡು ಹೊಳ್ಳೆ ಮಾತ್ರ ಅಲ್ಲ. ನಮ್ಮ ಕಡೆಯ ಹಳೆಯ ಮನೆಯೊಂದನ್ನು ನೆನಪಿಸಿಕೊಳ್ಳಿ. ಮುಂದೆ ಎರಡು ಬಾಗಿಲು, ಒಳಗೆ ಉದ್ದನೆಯ ಪಡಸಾಲೆ, ಪಡಸಾಲೆಯ ಅಕ್ಕಪಕ್ಕ ಸಣ್ಣ ಬಾಗಿಲಿನ ಕೋಣೆಗಳು. ಹೊಳ್ಳೆಗಳು ಮುಂಬಾಗಿಲು. ಒಳಗಿನ ಮೂಗು ಪಡಸಾಲೆ. ಅದರ ನಡುವೆ ಉದ್ದಕ್ಕೂ ಒಂದು ಗೋಡೆ ಇದೆ. ಹಾಗಾಗಿ ಎಡಗಡೆಗೆ ಒಂದು, ಬಲಗಡೆಗೆ ಒಂದು ಅಂತ ಎರಡು ಪಡಸಾಲೆ. ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ, ಎರಡೂ ಸೇರಿ ಒಂದಾಗುತ್ತವೆ.

ಪಕ್ಕದ ಕೋಣೆಗಳೇ ಸೈನಸ್‌ಗಳು. ಮುಖದ ಎಲುಬಿನೊಳಗೆ ಇರುವ, ಗಾಳಿ ತುಂಬಿದ ಪೊಳ್ಳು ಜಾಗಗಳು ಇವು. ಒಟ್ಟು ನಾಲ್ಕು ಜೋಡಿ: ಕೆನ್ನೆಯ ಎಲುಬಿನಲ್ಲಿ ಒಂದು, ಹಣೆಯಲ್ಲಿ ಒಂದು, ಎರಡು ಕಣ್ಣುಗಳ ನಡುವೆ ಸಣ್ಣ ಸಣ್ಣ ಗೂಡುಗಳ ಒಂದು ಗುಂಪು, ಅದರ ಹಿಂದೆ ಆಳದಲ್ಲಿ ಇನ್ನೊಂದು. ಪ್ರತಿಯೊಂದಕ್ಕೂ ಮೂಗಿನೊಳಗೆ ತೆರೆಯುವ ದಾರಿ ಇದೆ, ಆದರೆ ಅದು ತುಂಬಾ ಕಿರಿದು. ಕೆನ್ನೆಯ ಸೈನಸ್‌ಗೆ ಇನ್ನೊಂದು ತೊಂದರೆ ಇದೆ. ಅದರ ಬಾಗಿಲು ಕೆಳಗಿಲ್ಲ, ಮೇಲಿದೆ. ಹಾಗಾಗಿ ಒಳಗೆ ನೀರು ಸೇರಿದರೆ ತಾನಾಗಿ ಹರಿದು ಹೋಗುವುದಿಲ್ಲ. ಕೋಣೆಯ ಒಳಪದರದಲ್ಲಿರುವ ಸೂಕ್ಷ್ಮ ಕೂದಲೆಳೆಗಳು ಅದನ್ನು ಮೇಲಕ್ಕೆ ತಳ್ಳಿ ಹೊರಹಾಕಬೇಕು.

ಇನ್ನು ಕಿವಿ. ಮೂಗಿನ ಹಿಂಭಾಗದಿಂದ ಎರಡೂ ಕಿವಿಗಳಿಗೆ ಒಂದೊಂದು ಸಣ್ಣ ನಳಿಕೆ ಹೋಗುತ್ತದೆ. ಇದರ ಹೆಸರು ಯುಸ್ಟೇಷಿಯನ್ ನಳಿಕೆ. ದೊಡ್ಡವರಲ್ಲಿ ಇದರ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಇದು ಹೋಗಿ ಸೇರುವುದು ಕಿವಿಯ ತಮಟೆಯ ಹಿಂದಿರುವ ನಡುಕಿವಿಗೆ. ತಮಟೆ ಅಂದರೆ ಶಬ್ದಕ್ಕೆ ಅದುರುವ ತೆಳು ಪರದೆ. ಸಾಮಾನ್ಯವಾಗಿ ಈ ನಳಿಕೆ ಮುಚ್ಚಿಕೊಂಡೇ ಇರುತ್ತದೆ. ಎಂಜಲು ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆದು, ತಮಟೆಯ ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡವನ್ನು ಸಮ ಮಾಡುತ್ತದೆ. ಆಗ ಕಿವಿಯಲ್ಲಿ 'ಟಕ್' ಅಂದ ಹಾಗಾಗುತ್ತದೆ ಅಲ್ವಾ, ಅದು ಈ ನಳಿಕೆ ತೆರೆದ ಸದ್ದು.

ಒಟ್ಟಿನಲ್ಲಿ ಮೂಗು, ಸೈನಸ್, ನಡುಕಿವಿ ಬೇರೆ ಬೇರೆ ಅಲ್ಲ. ಒಂದೇ ಮನೆಯ ಭಾಗಗಳು. ಪಡಸಾಲೆಯಲ್ಲಿ ಗಾಳಿಯ ಒತ್ತಡ ಏರಿದರೆ ಒಳಕೋಣೆಗಳಿಗೂ ಅದು ತಟ್ಟುತ್ತದೆ.

ಸಿಂಬಳ ಯಾಕೆ ಕಟ್ಟಿಕೊಳ್ಳುತ್ತದೆ

ಸಿಂಬಳ ಹೊಲಸು ಅಂತ ನಮಗೆ ಅನಿಸುತ್ತದೆ. ಅದರ ಕೆಲಸ ಮಾತ್ರ ಸ್ವಚ್ಛ ಮಾಡುವುದು. ಉಸಿರಿನ ಜೊತೆ ಬಂದ ಧೂಳು, ವೈರಸ್ಸು, ಬ್ಯಾಕ್ಟೀರಿಯಾ ಅದಕ್ಕೆ ಅಂಟಿಕೊಳ್ಳುತ್ತವೆ. ಸೂಕ್ಷ್ಮ ಕೂದಲೆಳೆಗಳು ಅದನ್ನು ನಿಮಿಷಕ್ಕೆ ಕೆಲವು ಮಿಲಿಮೀಟರಿನಷ್ಟು ಹಿಂದಕ್ಕೆ ಸಾಗಿಸುತ್ತಾ ಇರುತ್ತವೆ. ಅದು ಗಂಟಲಿಗೆ ಇಳಿಯುತ್ತದೆ, ನಾವು ನುಂಗುತ್ತೇವೆ, ಹೊಟ್ಟೆಯ ಆಮ್ಲ ಅದನ್ನು ನೋಡಿಕೊಳ್ಳುತ್ತದೆ. ಆರೋಗ್ಯವಾಗಿದ್ದಾಗ ಇದು ನಮ್ಮ ಗಮನಕ್ಕೂ ಬರುವುದಿಲ್ಲ.

ನೆಗಡಿಯಲ್ಲಿ ಸಿಂಬಳ ಜಾಸ್ತಿ ಆಗುತ್ತದೆ, ಕೂದಲೆಳೆಗಳ ಕೆಲಸ ಕುಂಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೂಗಿನ ಒಳಪದರ ಊದಿಕೊಳ್ಳುತ್ತದೆ. 'ಮೂಗು ಕಟ್ಟಿದೆ' ಅಂತ ನಾವು ಹೇಳುವಾಗ ಬಹಳ ಸಲ ದಾರಿಗೆ ಅಡ್ಡ ಕೂತಿರುವುದು ಸಿಂಬಳವಲ್ಲ, ಈ ಊತ. ಊತವನ್ನು ಊದಿ ಹೊರಹಾಕಲು ಆಗುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒತ್ತಡ ಎಷ್ಟು ಏರುತ್ತದೆ

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನೆಗಡಿಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಡಾ. ಜ್ಯಾಕ್ ಗ್ವಾಲ್ಟ್ನಿ ಮತ್ತು ಸಂಗಡಿಗರು 2000ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೂಗು ಸೀಟುವಾಗ, ಸೀನುವಾಗ, ಕೆಮ್ಮುವಾಗ ಮೂಗಿನೊಳಗೆ ಎಷ್ಟು ಒತ್ತಡ ಉಂಟಾಗುತ್ತದೆ ಅನ್ನುವುದನ್ನು ಅವರು ಅಳೆದರು.

ಬಿಪಿ ನೋಡುವಾಗ ಬಳಸುವ ಅದೇ ಅಳತೆಯಲ್ಲಿ, ಅಂದರೆ ಪಾದರಸದ ಮಿಲಿಮೀಟರಿನಲ್ಲಿ ಹೇಳುವುದಾದರೆ, ಸೀನಿದಾಗ ಮೂಗಿನೊಳಗಿನ ಒತ್ತಡ ಸರಾಸರಿ 5ಕ್ಕಿಂತ ತುಸು ಕಡಿಮೆ. ಕೆಮ್ಮಿದಾಗ 7ರ ಆಸುಪಾಸು. ಮೂಗು ಸೀಟಿದಾಗ ಮಾತ್ರ 66. ಸೀನು ಎಷ್ಟು ಜೋರಾಗಿ ಬರುತ್ತದೆ ಅನ್ನುವುದು ನಮಗೆ ಗೊತ್ತು. ಆದರೂ ಅದರ ಒತ್ತಡ ಇಷ್ಟು ಕಡಿಮೆ ಯಾಕೆ? ಸೀನುವಾಗ ಬಾಯಿ ತೆರೆದಿರುತ್ತದೆ, ಹೊಳ್ಳೆ ತೆರೆದಿರುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಮೂಗು ಸೀಟುವಾಗ ಬಾಯಿ ಮುಚ್ಚಿ, ಹೊಳ್ಳೆಗಳನ್ನು ಬೆರಳಿನಿಂದ ಒತ್ತಿ, ಆಮೇಲೆ ಊದುತ್ತೇವೆ. ಮುಂಬಾಗಿಲು ಹಾಕಿ ಪಡಸಾಲೆಯೊಳಗೆ ಗಾಳಿ ತುಂಬಿಸಿದ ಹಾಗೆ.

ಅವರು ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ಸಿ.ಟಿ. ಸ್ಕ್ಯಾನಿನಲ್ಲಿ ಎದ್ದು ಕಾಣುವ ದ್ರವವನ್ನು ಮೂಗಿನ ಹಿಂಭಾಗಕ್ಕೆ ಹಾಕಿ, ಮೂಗು ಸೀಟಿಸಿ, ಸ್ಕ್ಯಾನ್ ತೆಗೆದು ನೋಡಿದರು. ದ್ರವ ಸೈನಸ್‌ಗಳ ಒಳಗೆ ಹೋಗಿತ್ತು. ಸೀನು ಮತ್ತು ಕೆಮ್ಮಿಗೆ ಹಾಗೆ ಒಳಗೆ ತಳ್ಳುವಷ್ಟು ಒತ್ತಡ ಇರಲಿಲ್ಲ. ಅವರ ಲೆಕ್ಕದ ಪ್ರಕಾರ ಒಂದೇ ಸಲ ಸೀಟಿದರೂ ಗಟ್ಟಿ ದ್ರವ ಒಂದು ಮಿಲಿಲೀಟರಿನವರೆಗೆ ಕೆನ್ನೆಯ ಸೈನಸ್ಸಿಗೆ ಹೋಗಬಹುದು. ನೆಗಡಿ ಆದಾಗ ಆ ದ್ರವದಲ್ಲಿ ವೈರಸ್ಸು, ಬ್ಯಾಕ್ಟೀರಿಯಾ ಎರಡೂ ಇರುತ್ತವೆ.

ಈ ಅಧ್ಯಯನ ಏನನ್ನು ತೋರಿಸಿಲ್ಲ ಅನ್ನುವುದನ್ನೂ ಹೇಳಬೇಕು. ಒತ್ತಡ ಅಳೆದದ್ದು ಬೆರಳೆಣಿಕೆಯ ಜನರಲ್ಲಿ. ದ್ರವ ಒಳಗೆ ಹೋಗುತ್ತದೆ ಅನ್ನುವುದು ಕಂಡಿತು. ಹಾಗೆ ಹೋದವರಿಗೆಲ್ಲ ಸೈನಸ್ ಸೋಂಕು ಆಗುತ್ತದೆ ಅಂತ ಅದು ಹೇಳುವುದಿಲ್ಲ. ನೆಗಡಿಯ ಊತವೇ ಸೈನಸ್ಸಿನ ಕಿರಿದಾದ ಬಾಗಿಲನ್ನು ಮುಚ್ಚಿ ತೊಂದರೆ ಕೊಡಬಲ್ಲದು. ಹಾಗಾಗಿ ಮೂಗು ಸೀಟಿದ್ದರಿಂದಲೇ ಸೈನಸೈಟಿಸ್ ಬಂತು ಅಂತ ಯಾರಿಗಾದರೂ ಖಡಾಖಂಡಿತ ಹೇಳುವುದು ಸರಿಯಲ್ಲ. ಮೆಲ್ಲಗೆ ಸೀಟಿದರೂ ಸಿಂಬಳ ಹೊರಗೆ ಬರುತ್ತದೆ, ಜೋರಾಗಿ ಸೀಟಿದರೆ ಒಂದಿಷ್ಟು ಒಳಗೂ ಹೋಗುತ್ತದೆ. ಇಷ್ಟು ಗೊತ್ತಾದ ಮೇಲೆ ಜೋರು ಮಾಡಲು ಕಾರಣ ಉಳಿಯುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕಿವಿಗೆ ಏನಾಗುತ್ತದೆ

ಮೂಗು ಬಿಗಿಹಿಡಿದು ಊದಿದರೆ ಗಾಳಿ ಯುಸ್ಟೇಷಿಯನ್ ನಳಿಕೆಯನ್ನು ತಳ್ಳಿ ತೆರೆದು ನಡುಕಿವಿಗೆ ನುಗ್ಗುತ್ತದೆ. ತಮಟೆ ಒಳಗಿನಿಂದ ಹೊರಕ್ಕೆ ಉಬ್ಬುತ್ತದೆ. 'ಟಪ್' ಅನ್ನುತ್ತದೆ, ಕಿವಿ ಗುಂಯ್ ಅನ್ನುತ್ತದೆ, ಕೆಲವೊಮ್ಮೆ ಚುಚ್ಚಿದ ಹಾಗೆ ನೋವಾಗುತ್ತದೆ. ವಿಮಾನದಲ್ಲಿ ಹೋಗುವವರು ಕಿವಿ ಬಿಡಿಸಿಕೊಳ್ಳಲು ಬೇಕಂತಲೇ ಇದನ್ನು ಮಾಡುತ್ತಾರೆ. ಆದರೆ ಅವರು ಮಾಡುವುದು ಮೆಲ್ಲಗೆ. ನೆಗಡಿ ಇಲ್ಲದವರಿಗೆ ಅದರಿಂದ ತೊಂದರೆಯಾಗುವುದೂ ಕಡಿಮೆ. ನೆಗಡಿ ಇದ್ದಾಗ ಗಾಳಿಯ ಜೊತೆ ಸಿಂಬಳವೂ ನಳಿಕೆಯೊಳಗೆ ಹೋಗಬಹುದು.

ಆರೋಗ್ಯವಾದ ತಮಟೆ ಮೂಗು ಸೀಟಿದ ಮಾತ್ರಕ್ಕೆ ಹರಿಯುವುದು ಬಹಳ ಅಪರೂಪ. ಸುಮ್ನೆ ಹೆದರಬೇಕಿಲ್ಲ. ಆದರೆ ಹಳೆಯ ಸೋಂಕಿನಿಂದ ತೆಳುವಾಗಿರುವ ತಮಟೆ, ಹಿಂದೆ ತೂತು ಬಿದ್ದು ಮಾಗಿದ ತಮಟೆ, ಈಗಾಗಲೇ ಕೀವು ತುಂಬಿ ಬಿಗಿದಿರುವ ತಮಟೆ, ಇವುಗಳ ಮಾತು ಬೇರೆ. ಚಿಕ್ಕಂದಿನಲ್ಲಿ 'ಕಿವಿ ಸೋರುತ್ತಿತ್ತು' ಅನ್ನುವವರು ಈ ಗುಂಪಿಗೆ ಸೇರಿರಬಹುದು.

ಮಕ್ಕಳಲ್ಲಿ ಈ ನಳಿಕೆ ಗಿಡ್ಡ. ದೊಡ್ಡವರ ಹಾಗೆ ಇಳಿಜಾರಾಗಿಯೂ ಇರುವುದಿಲ್ಲ, ಹೆಚ್ಚುಕಡಿಮೆ ಅಡ್ಡ ಮಲಗಿರುತ್ತದೆ. ಮೂಗಿನಲ್ಲಿದ್ದದ್ದು ಕಿವಿಗೆ ಹೋಗಲು ದೂರವೂ ಕಡಿಮೆ, ಏರುವುದೂ ಕಡಿಮೆ. ನೆಗಡಿ ಬಂದಾಗಲೆಲ್ಲ ಮಗುವಿಗೆ ಕಿವಿನೋವು ಯಾಕೆ ಬರುತ್ತದೆ ಅನ್ನುವುದಕ್ಕೆ ಇದೊಂದು ದೊಡ್ಡ ಕಾರಣ.

ಒಂದೊಂದೇ ಹೊಳ್ಳೆ ಯಾಕೆ

ನಮ್ಮ ಎರಡು ಹೊಳ್ಳೆಗಳು ಒಂದೇ ಹೊತ್ತಿಗೆ ಒಂದೇ ಸಮನಾಗಿ ತೆರೆದಿರುವುದು ಕಡಿಮೆ. ಆರೋಗ್ಯವಾಗಿದ್ದಾಗಲೂ ಕೆಲವು ಗಂಟೆ ಒಂದು ಕಡೆ ತುಸು ಊದಿರುತ್ತದೆ, ಆಮೇಲೆ ಇನ್ನೊಂದು ಕಡೆ. ನೆಗಡಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ರಾತ್ರಿ ಮಗ್ಗುಲು ಬದಲಿಸಿದರೆ ಕಟ್ಟಿದ ಹೊಳ್ಳೆಯೂ ಬದಲಾಗುವುದನ್ನು ನೀವು ಗಮನಿಸಿರಬಹುದು.

ಈಗ ಎರಡರಿಂದಲೂ ಒಟ್ಟಿಗೆ ಊದಿ ನೋಡಿ. ಗಾಳಿ ಸಲೀಸಾದ ದಾರಿ ಹಿಡಿಯುತ್ತದೆ, ತೆರೆದ ಕಡೆಯಿಂದ ಹೊರಟುಹೋಗುತ್ತದೆ. ಕಟ್ಟಿದ ಕಡೆ ಸಿಂಬಳ ಅಲ್ಲೇ ಕೂತಿರುತ್ತದೆ. ಏನೂ ಬರಲಿಲ್ಲ ಅಂತ ನಾವು ಬೆರಳನ್ನು ಇನ್ನಷ್ಟು ಒತ್ತಿ, ಇನ್ನಷ್ಟು ಜೋರಾಗಿ ಊದುತ್ತೇವೆ. ಆಗ ತೆರೆದ ಬಾಗಿಲೂ ಮುಚ್ಚುತ್ತದೆ, ಒತ್ತಡ ಏರುತ್ತದೆ. ತೊಂದರೆ ಶುರುವಾಗುವುದು ಇಲ್ಲಿ.

ಒಂದು ಹೊಳ್ಳೆ ಮುಚ್ಚಿ ಇನ್ನೊಂದನ್ನು ಪೂರ್ತಿ ತೆರೆದಿಟ್ಟರೆ, ಊದಿದ ಗಾಳಿಯೆಲ್ಲ ಆ ಒಂದೇ ಕಡೆ ಹಾದು ಹೋಗುತ್ತದೆ. ಕಡಿಮೆ ಶಕ್ತಿಯಲ್ಲಿ ಸಿಂಬಳ ಬರುತ್ತದೆ. ಹೊರದಾರಿ ತೆರೆದಿರುವುದರಿಂದ ಒಳಗೆ ಒತ್ತಡ ಕಟ್ಟಿಕೊಳ್ಳುವುದಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ಹೇಳುವವರು ಕಡಿಮೆ. ಬಲ ಹೊಳ್ಳೆ ಪೂರ್ತಿ ಕಟ್ಟಿದೆ ಅಂದುಕೊಳ್ಳಿ. ಎಡ ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ ಬಲದಿಂದ ಊದಿದರೆ ಏನಾಗುತ್ತದೆ? ಬಲ ಊತದಿಂದ ಬಂದ್, ಎಡ ಬೆರಳಿನಿಂದ ಬಂದ್. ಎರಡೂ ಬಾಗಿಲು ಹಾಕಿದ ಹಾಗೇ ಆಯಿತು. ಒಂದೊಂದೇ ಹೊಳ್ಳೆ ಅನ್ನುವ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದರೂ ಒತ್ತಡ ಕಿವಿಗೆ ಹೋಗುತ್ತದೆ. ಹಾಗಾಗಿ ನೋಡಬೇಕಾದದ್ದು ಗಾಳಿ ಹೊರಗೆ ಹೋಗುತ್ತಿದೆಯೋ ಇಲ್ಲವೋ ಅನ್ನುವುದನ್ನು. ಮೆಲ್ಲಗೆ ಊದಿದಾಗ ಆ ಹೊಳ್ಳೆಯಿಂದ ಗಾಳಿ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಜೋರು ಮಾಡಬೇಡಿ.

ಸೀಟುವ ಕ್ರಮ

ಕೂತೋ ನಿಂತೋ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ. ಮಲಗಿಕೊಂಡು ಸೀಟಬೇಡಿ. ಟಿಶ್ಯೂ ಅಥವಾ ಮೆತ್ತನೆಯ ಹತ್ತಿಬಟ್ಟೆಯನ್ನು ಮೂಗಿನ ಕೆಳಗೆ ಸಡಿಲವಾಗಿ ಹಿಡಿಯಿರಿ. ಬಟ್ಟೆ ಇರುವುದು ಬಂದದ್ದನ್ನು ಹಿಡಿಯಲು, ಮೂಗನ್ನು ಹಿಂಡಲು ಅಲ್ಲ.

ಒಂದು ಬೆರಳನ್ನು ಎಡ ಹೊಳ್ಳೆಯ ಪಕ್ಕಕ್ಕೆ ಇಟ್ಟು ಮೆಲ್ಲಗೆ ಒತ್ತಿ ಮುಚ್ಚಿ. ಬಲ ಹೊಳ್ಳೆಯನ್ನು ಮುಟ್ಟಬೇಡಿ. ಬಾಯಿಂದ ಸಾಮಾನ್ಯ ಉಸಿರು ತೆಗೆದುಕೊಳ್ಳಿ, ಎದೆ ತುಂಬಾ ಬೇಡ. ತುಟಿಗಳನ್ನು ತುಸು ಸಡಿಲ ಬಿಟ್ಟುಕೊಂಡು, ಬಲ ಹೊಳ್ಳೆಯಿಂದ ಎರಡು-ಮೂರು ಸೆಕೆಂಡು ಒಂದೇ ಸಮನೆ ಊದಿ. ಒಮ್ಮೆಲೇ ಝಾಡಿಸಬೇಡಿ. ಬಾಯಿ ಬಿಗಿಯದಿದ್ದರೆ ಒತ್ತಡ ಜಾಸ್ತಿಯಾದಾಗ ಗಾಳಿ ಬಾಯಿಂದ ಹೊರಗೆ ಹೋಗುತ್ತದೆ, ಕಿವಿಗೆ ಹೋಗುವುದಿಲ್ಲ. ಒರೆಸಿಕೊಳ್ಳಿ. ಆಮೇಲೆ ಇನ್ನೊಂದು ಕಡೆ ಇದೇ ರೀತಿ. ಉಳಿದದ್ದನ್ನೆಲ್ಲ ಒಂದೇ ಸಲಕ್ಕೆ ತೆಗೆಯಲೇಬೇಕು ಅನ್ನುವ ಹಟ ಬೇಡ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಬಹುದು.

ಶಕ್ತಿ ಜಾಸ್ತಿ ಆಯಿತಾ ಅಂತ ತಿಳಿಯುವುದು ಹೇಗೆ? ಕಿವಿಯಲ್ಲಿ 'ಟಪ್' ಅಂದರೆ, ಕಿವಿ ಮುಚ್ಚಿದ ಹಾಗಾದರೆ, ಕೆನ್ನೆ ಅಥವಾ ಹಣೆಯಲ್ಲಿ ಒತ್ತಿದ ಹಾಗಾದರೆ, ತಲೆ ಧಿಮ್ ಅಂದರೆ ಜಾಸ್ತಿ ಆಯಿತು ಅಂತಲೇ ಅರ್ಥ.

ಪದೇಪದೇ ಜೋರಾಗಿ ಸೀಟಿದರೆ ಮೂಗಿನಲ್ಲಿ ರಕ್ತವೂ ಬರಬಹುದು. ಮೂಗಿನ ನಡುಗೋಡೆಯ ಮುಂಭಾಗದಲ್ಲಿ ತೆಳು ಚರ್ಮದ ಕೆಳಗೆ ಸಣ್ಣ ರಕ್ತನಾಳಗಳ ಜಾಲ ಇದೆ. ನಮ್ಮ ಕಡೆಯ ಒಣ ಚಳಿಗೆ ಅದು ಬಿರಿದಿರುತ್ತದೆ. ರಕ್ತ ಬಂದರೆ ತಲೆ ಹಿಂದಕ್ಕೆ ಎತ್ತಬೇಡಿ, ರಕ್ತ ಗಂಟಲಿಗೆ ಇಳಿಯುತ್ತದೆ. ಕೂತು, ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತರಿಂದ ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ಬಾಯಿಂದ ಉಸಿರಾಡಿ. ನಿಂತಿತಾ ಅಂತ ನಡುನಡುವೆ ಬಿಟ್ಟು ನೋಡುವುದು ಬೇಡ.

ಸಿಂಬಳವನ್ನು ಸೊರ್ ಅಂತ ಒಳಗೆ ಎಳೆದುಕೊಳ್ಳುವುದರ ಬಗ್ಗೆಯೂ ಒಂದು ಮಾತು. ಗಂಟಲಿಗೆ ಇಳಿದದ್ದನ್ನು ನುಂಗಿದರೆ ಏನೂ ಆಗುವುದಿಲ್ಲ. ಆದರೆ ದಿನವಿಡೀ ಜೋರಾಗಿ ಎಳೆಯುವ ಅಭ್ಯಾಸ ನಡುಕಿವಿಯ ಗಾಳಿಯನ್ನು ಹೀರಿದ ಹಾಗೆ ಮಾಡುತ್ತದೆ, ತಮಟೆ ಒಳಕ್ಕೆ ಜಗ್ಗುತ್ತದೆ. ಸೀನು ಬಂದಾಗ ಮೂಗು-ಬಾಯಿ ಎರಡೂ ಮುಚ್ಚಿ ತಡೆಯುವುದಂತೂ ಬೇಡವೇ ಬೇಡ. ತೆರೆದ ಸೀನಿನ ಒತ್ತಡ ಕಡಿಮೆ ಅಂತ ನೋಡಿದೆವು. ತಡೆದ ಸೀನಿನದು ಅದರ ಎಷ್ಟೋ ಪಟ್ಟು.

ಪೂರ್ತಿ ಕಟ್ಟಿದಾಗ ಏನು ಮಾಡಬೇಕು

ಗಾಳಿಯೇ ಹೋಗದಿದ್ದರೆ ಮೊದಲು ದಾರಿ ಬಿಡಿಸಬೇಕು. ಇದಕ್ಕೆ ಸುಲಭದ್ದು ಉಪ್ಪುನೀರು. ಮೆಡಿಕಲ್ ಅಂಗಡಿಯಲ್ಲಿ ಸಲೈನ್ ಮೂಗಿನ ಹನಿ ಅಂತ ಕೇಳಿದರೆ ಸಿಗುತ್ತದೆ. ಇದರಲ್ಲಿ ಔಷಧ ಇಲ್ಲ, ಬರೀ ಉಪ್ಪು ಮತ್ತು ನೀರು. ಎರಡು-ಮೂರು ಹನಿ ಹಾಕಿ ಐದು ನಿಮಿಷ ಬಿಟ್ಟರೆ ಒಣಗಿದ ಸಿಂಬಳ ಸಡಿಲವಾಗುತ್ತದೆ. ಆಮೇಲೆ ಸೀಟಿ.

ಮನೆಯಲ್ಲೂ ಮಾಡಿಕೊಳ್ಳಬಹುದು. ಅರ್ಧ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಮುಕ್ಕಾಲು ಚಹಾ ಚಮಚ ಉಪ್ಪು ಕರಗಿಸಿ. ಸುಮಾರು ನಾಲ್ಕೂವರೆ ಗ್ರಾಂ ಆಗುತ್ತದೆ. ಉಪ್ಪು ಇದಕ್ಕಿಂತ ತೀರ ಕಡಿಮೆಯಾದರೂ ಜಾಸ್ತಿಯಾದರೂ ಮೂಗು ಉರಿಯುತ್ತದೆ. ದಿನಾ ಹೊಸದಾಗಿ ಮಾಡಿ. ನಳದ ನೀರನ್ನು, ಬೋರಿನ ನೀರನ್ನು ಕುದಿಸದೆ ಮೂಗಿಗೆ ಹಾಕಬೇಡಿ. ಕುಡಿದರೆ ಏನೂ ಮಾಡದ ಕೆಲವು ಜೀವಿಗಳು ಮೂಗಿನ ಮೂಲಕ ಹೋದರೆ ಪ್ರಾಣಕ್ಕೇ ಕುತ್ತು ತರಬಲ್ಲವು.

ಹಬೆ ತೆಗೆದುಕೊಂಡರೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಆದರೆ ಕುದಿಯುವ ನೀರಿನ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವ ಅಪಾಯ ಇದೆ, ಸಣ್ಣವರಿಗೆ ಇದು ಬೇಡ. ಊತ ಇಳಿಸುವ ಔಷಧದ ಹನಿಗಳೂ ಇವೆ, ಹಾಕಿದ ಕೂಡಲೇ ಮೂಗು ಬಿಡುತ್ತದೆ. ಅವನ್ನು ಡಾಕ್ಟರ ಮಾತಿನಂತೆ ಮೂರರಿಂದ ಐದು ದಿನ ಮಾತ್ರ ಬಳಸಬೇಕು. ಜಾಸ್ತಿ ದಿನ ಹಾಕಿದರೆ, ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ.

ಒಂದು ಉದಾಹರಣೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ನಲವತ್ತರ ಹೆಣ್ಣುಮಗಳೊಬ್ಬಳು ಅಂದುಕೊಳ್ಳೋಣ. ನೆಗಡಿ ಬಂದು ನಾಲ್ಕನೇ ದಿನ. ಘಾಟಿಗೆ ಮೂಗು ಸುರಿಯುತ್ತಲೇ ಇದೆ, ಬಲಗಡೆ ಮಾತ್ರ ಕಟ್ಟಿದೆ. ಸೆರಗಿನಲ್ಲಿ ಎರಡೂ ಹೊಳ್ಳೆ ಹಿಂಡಿ ಹಿಡಿದು ಜೋರಾಗಿ ಸೀಟುತ್ತಾಳೆ. ಬಲಗಿವಿಯಲ್ಲಿ 'ಟಪ್'. ಅಲ್ಲಿಂದ ಆ ಕಿವಿ ಮಂದ. ತನ್ನ ಮಾತೇ ತನಗೆ ಕೊಡದೊಳಗಿನಿಂದ ಬಂದ ಹಾಗೆ ಕೇಳುತ್ತದೆ. ನೋವು ಅಷ್ಟಿಲ್ಲ. ಜ್ವರ ಇಲ್ಲ. ಕಿವಿಯಿಂದ ಏನೂ ಸೋರಿಲ್ಲ.

ಮನೆಗೆ ಬಂದಾಗ ಅತ್ತೆ, "ಬಾ ಇಲ್ಲಿ, ಎರಡ ಹನಿ ಎಣ್ಣಿ ಬಿಡ್ತೀನಿ" ಅನ್ನುತ್ತಾರೆ. ಪ್ರೀತಿಯ ಮಾತೇ. ಆದರೆ ತೊಂದರೆ ಇರುವುದು ತಮಟೆಯ ಹಿಂದೆ. ಎಣ್ಣೆ ಬೀಳುವುದು ತಮಟೆಯ ಮುಂದೆ. ಅದು ಅಲ್ಲಿಗೆ ತಲುಪುವುದಿಲ್ಲ. ತಮಟೆಯಲ್ಲಿ ತೂತು ಇದ್ದರೆ ಮಾತ್ರ ತಲುಪುತ್ತದೆ, ಆಗ ಅದು ಇನ್ನೂ ಕೆಟ್ಟದ್ದು. ಹತ್ತಿಕಡ್ಡಿಯೂ ಇದೇ ಕಾರಣಕ್ಕೆ ಉಪಯೋಗಕ್ಕೆ ಬಾರದು.

ಅವಳು ಮಾಡಬೇಕಾದದ್ದು ಇಷ್ಟೇ. ಮತ್ತೆ ಜೋರಾಗಿ ಸೀಟದಿರುವುದು. ಮೂಗು ಹಿಡಿದು ಊದಿ ಕಿವಿ ಬಿಡಿಸಿಕೊಳ್ಳಲು ನೋಡದಿರುವುದು. ದಿನಕ್ಕೆ ಮೂರು-ನಾಲ್ಕು ಸಲ ಉಪ್ಪುನೀರಿನ ಹನಿ ಹಾಕಿ ಒಂದೊಂದೇ ಕಡೆ ಮೆಲ್ಲಗೆ ಸೀಟುವುದು. ಆಗಾಗ ನೀರು ಗುಟುಕರಿಸುವುದು, ಆಕಳಿಸುವುದು, ಇದರಿಂದ ನಳಿಕೆ ತಾನಾಗಿ ತೆರೆಯುತ್ತದೆ. ಕೆಲಸ ಬಿಡಲು ಆಗದಿದ್ದರೆ ಮೂಗು-ಬಾಯಿಗೆ ಮಾಸ್ಕ್. ನೆಗಡಿ ಇಳಿದ ಹಾಗೆ ಕಿವಿಯೂ ಬಿಡುತ್ತದೆ, ಸಾಮಾನ್ಯವಾಗಿ ಕೆಲವು ದಿನ, ಕೆಲವರಿಗೆ ಎರಡು-ಮೂರು ವಾರ. ಈ ನಡುವೆ ಕಿವಿ ಸಿಡಿಯಲು ಶುರುವಾದರೆ, ಜ್ವರ ಬಂದರೆ, ಕೀವೋ ರಕ್ತವೋ ಕಂಡರೆ ಕಾಯಬಾರದು. 'ಟಪ್' ಅಂದ ಕೂಡಲೇ ಜೋರು ನೋವಾಗಿ, ಕಿವಿ ಪೂರ್ತಿ ಕೇಳದಂತಾಗಿ, ತಲೆ ಗಿರ್ರನೆ ತಿರುಗಿದ್ದರೆ ಅದು ಅದೇ ದಿನ ತೋರಿಸಬೇಕಾದ ಸಂಗತಿ.

ಮಕ್ಕಳಿಗೆ ಕಲಿಸುವುದು

ಎರಡು-ಮೂರು ವರ್ಷದ ತನಕ ಮಕ್ಕಳಿಗೆ ಮೂಗಿನಿಂದ ಊದುವುದೇ ಗೊತ್ತಾಗುವುದಿಲ್ಲ. "ಊದು" ಅಂದರೆ ಬಾಯಿಂದ ಊದುತ್ತಾರೆ, ಇಲ್ಲವೇ ಒಳಗೆ ಎಳೆದುಕೊಳ್ಳುತ್ತಾರೆ. ಅಂಥ ಮಕ್ಕಳ ಮೂಗು ಹಿಂಡಿ "ಹೂಂ ಅನ್ನು" ಅಂತ ಜೋರು ಮಾಡುವ ಬದಲು ಉಪ್ಪುನೀರಿನ ಹನಿ ಹಾಕಿ, ಬಂದದ್ದನ್ನು ಮೆತ್ತಗೆ ಒರೆಸಿ.

ಕಲಿಸಲು ನೆಗಡಿ ಇಲ್ಲದ ದಿನವೇ ಒಳ್ಳೆಯದು. ಮೇಜಿನ ಮೇಲೆ ಹತ್ತಿಯ ಸಣ್ಣ ಚೂರು ಇಡಿ. ಮಗು ಬಾಯಿ ಮುಚ್ಚಿಕೊಂಡು, ಒಂದು ಹೊಳ್ಳೆಗೆ ಬೆರಳಿಟ್ಟು, ಇನ್ನೊಂದು ಹೊಳ್ಳೆಯ ಗಾಳಿಯಿಂದ ಅದನ್ನು ಸರಿಸಬೇಕು. ಹತ್ತಿ ಹಾರಿಹೋಗಬಾರದು, ತುಸು ಜರುಗಿದರೆ ಸಾಕು. ಎಷ್ಟು ಶಕ್ತಿ ಸಾಕು ಅನ್ನುವುದು ಆಟದಲ್ಲೇ ತಿಳಿಯುತ್ತದೆ. ಬಾಯಿ ಮುಚ್ಚಿಸುವುದು ಈ ಆಟಕ್ಕೆ ಮಾತ್ರ. ಮೂಗಿನಿಂದ ಊದಲು ಬಂದ ಮೇಲೆ ನಿಜವಾಗಿ ಸೀಟುವಾಗ ತುಟಿ ಸಡಿಲ ಬಿಡಲು ಹೇಳಿ.

ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ದಿನಗಟ್ಟಲೆ ಬರುತ್ತಿದ್ದರೆ ಅದು ನೆಗಡಿ ಆಗಿರಲಿಕ್ಕಿಲ್ಲ. ಕಡಲೆ, ಮಣಿ, ಸ್ಪಂಜಿನ ಚೂರು ಏನಾದರೂ ಮೂಗಿಗೆ ತುರುಕಿಕೊಂಡಿರಬಹುದು. ಮನೆಯಲ್ಲಿ ಚಿಮಟಿಗೆ ಹಾಕಿ ತೆಗೆಯಲು ಹೋಗಬೇಡಿ, ಒಳಕ್ಕೆ ಸರಿಯುತ್ತದೆ. ಸಣ್ಣ ಬಟನ್ ಸೆಲ್ ತುರುಕಿಕೊಂಡ ಅನುಮಾನ ಬಂದರೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಿ. ಅದು ಕೆಲವೇ ಗಂಟೆಗಳಲ್ಲಿ ಮೂಗಿನ ಗೋಡೆಯನ್ನು ಸುಡುತ್ತದೆ.

ಸೀಟಲೇಬಾರದ ಸಂದರ್ಭಗಳು

ಕಣ್ಣಿನ ಗುಡ್ಡೆ ಕೂತಿರುವ ಎಲುಬಿನ ಗೂಡಿಗೂ ಮೂಗಿನ ಪಕ್ಕದ ಸೈನಸ್‌ಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಎಲುಬು. ಬೈಕಿನಿಂದ ಬಿದ್ದೋ, ಕ್ರಿಕೆಟ್ ಚೆಂಡು ಬಡಿದೋ ಮುಖಕ್ಕೆ ಪೆಟ್ಟಾದರೆ ಅದು ಬಿರುಕು ಬಿಡಬಹುದು. ಹೊರಗೆ ಅಷ್ಟೇನೂ ಕಾಣದೇ ಇರಬಹುದು. ಆಮೇಲೆ ಮೂಗಿನಲ್ಲಿ ರಕ್ತ ಇದೆ ಅಂತ ಜೋರಾಗಿ ಸೀಟಿದರೆ ಗಾಳಿ ಆ ಬಿರುಕಿನಿಂದ ಕಣ್ಣಿನ ಸುತ್ತ ನುಗ್ಗುತ್ತದೆ. ರೆಪ್ಪೆ ನೋಡನೋಡುತ್ತಲೇ ಊದಿ ಮುಚ್ಚಿಕೊಳ್ಳುತ್ತದೆ, ಒತ್ತಿದರೆ ಚರ್ಮದ ಕೆಳಗೆ ಚರಚರ ಅನ್ನುತ್ತದೆ. ಹೀಗಾದರೆ ಅಥವಾ ದೃಷ್ಟಿ ಮಬ್ಬಾದರೆ, ಒಂದು ಎರಡಾಗಿ ಕಂಡರೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮೇಲಿನ ದವಡೆಯ ಹಿಂದಿನ ಹಲ್ಲು ಕೀಳಿಸಿಕೊಂಡವರೂ ಎರಡು ವಾರದ ಮಟ್ಟಿಗೆ ಮೂಗು ಸೀಟಬಾರದು ಅಂತ ದಂತವೈದ್ಯರು ಹೇಳುವುದುಂಟು. ಆ ಹಲ್ಲಿನ ಬೇರು ಕೆನ್ನೆಯ ಸೈನಸ್ಸಿನ ತಳಕ್ಕೆ ತಾಗಿಕೊಂಡೇ ಇರುತ್ತದೆ. ಮೂಗು, ಸೈನಸ್, ಕಿವಿಯ ತಮಟೆ, ಇವುಗಳ ಆಪರೇಷನ್ ಆದವರು ಡಾಕ್ಟರು "ಈಗ ಪರವಾಗಿಲ್ಲ" ಅನ್ನುವವರೆಗೆ ಬರೀ ಒರೆಸಿಕೊಳ್ಳಬೇಕು. ಸೀನು ಬಂದರೆ ಬಾಯಿ ತೆರೆದು ಸೀನಬೇಕು.

ಯಾವಾಗ ತೋರಿಸಬೇಕು

ನೆಗಡಿ ಹತ್ತು ದಿನ ದಾಟಿದರೂ ಇಳಿಯದಿದ್ದರೆ, ಅಥವಾ ಒಮ್ಮೆ ಇಳಿದು ಮತ್ತೆ ಜ್ವರ, ಕೆನ್ನೆನೋವಿನೊಂದಿಗೆ ಮರಳಿದರೆ ತೋರಿಸಿ. ಸಿಂಬಳ ಹಸಿರಾಯಿತು ಅನ್ನುವ ಒಂದೇ ಕಾರಣಕ್ಕೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ವೈರಸ್ಸಿನ ನೆಗಡಿಯಲ್ಲೂ ಮೂರ್ನಾಲ್ಕು ದಿನದ ಮೇಲೆ ಬಣ್ಣ ಬದಲಾಗುತ್ತದೆ. ಕಿವಿ ಸೋರಿದರೆ, ಕೇಳುವುದು ಮಂದವಾಗಿ ಮೂರು ವಾರ ಆದರೆ ಕಿವಿ-ಮೂಗು-ಗಂಟಲು ಡಾಕ್ಟರೇ ನೋಡಬೇಕು. ಹುಬ್ಬಳ್ಳಿ, ಗದಗದ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ವಿಭಾಗ ಇದೆ. ಕಣ್ಣಿನ ಸುತ್ತ ಊತ, ತಡೆಯಲಾಗದ ತಲೆನೋವು, ಕತ್ತು ಬಗ್ಗಿಸಲು ಆಗದಿರುವುದು, ಮಾತಿನಲ್ಲಿ ತೊದಲು, ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಮರುದಿನಕ್ಕೆ ಮುಂದೂಡಬೇಡಿ.

ತಲೆಗೆ ಪೆಟ್ಟು ಬಿದ್ದ ಮೇಲೆ ಒಂದೇ ಹೊಳ್ಳೆಯಿಂದ ನೀರಿನಷ್ಟು ತಿಳಿಯಾದ ದ್ರವ ತೊಟ್ಟಿಕ್ಕುತ್ತಿದ್ದರೆ, ಬಗ್ಗಿದಾಗ ಅದು ಜಾಸ್ತಿಯಾದರೆ, ಅದು ಸಿಂಬಳ ಅಲ್ಲದಿರಬಹುದು. ಮಿದುಳಿನ ಸುತ್ತ ಇರುವ ದ್ರವ ಎಲುಬಿನ ಬಿರುಕಿನಿಂದ ಇಳಿಯುತ್ತಿರಬಹುದು. ಅದನ್ನು ಸೀಟಬಾರದು, ಒಳಗೆ ಎಳೆಯಬಾರದು, ಹತ್ತಿ ತುರುಕಿ ತಡೆಯಲೂಬಾರದು. ತಲೆ ಎತ್ತರಿಸಿ ಕೂಡಿಸಿಕೊಂಡು ನೇರ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು.